ಕಾಗದ ಮುಗಿದ ಮೇಲೂ ಗೋಡೆ ಮುಂದುವರಿಯಬೇಕು

ಸ್ಟುಡಿಯೋದಲ್ಲಿ ಹಿನ್ನೆಲೆಗೆ ಇಳಿಬಿಡುವ ಕಾಗದ ದೊಡ್ಡ ಸುರುಳಿಯಾಗಿ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಸುರುಳಿಯ ಅಗಲ 2.72 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಉದ್ದ ಸುಮಾರು 11 ಮೀಟರ್. ಎರಡು ಸ್ಟ್ಯಾಂಡ್‌ಗಳ ನಡುವೆ ಅಡ್ಡ ಕೊಳವೆ ಕಟ್ಟಿ, ಅದರಿಂದ ಕಾಗದವನ್ನು ಕೆಳಕ್ಕೆ ಇಳಿಸಿ, ನೆಲದ ಮೇಲೆ ಮುಂದಕ್ಕೆ ಹರಡುತ್ತಾರೆ. ಗೋಡೆ ನೆಲವನ್ನು ಮುಟ್ಟುವ ಜಾಗದಲ್ಲಿ ಕಾಗದ ಮಡಿಕೆಯಿಲ್ಲದೆ ಬಾಗುವುದರಿಂದ ಅಲ್ಲಿ ಗೆರೆ ಕಾಣುವುದಿಲ್ಲ. ನಿಂತವರ ಹಿಂದೆ ಎಲ್ಲೂ ಕಡಿಯದ ಒಂದೇ ಬಣ್ಣದ ಹರವು ಸಿಗುತ್ತದೆ. ಇಷ್ಟೆಲ್ಲ ಏರ್ಪಾಡು ಇರುವುದು ಆ ಕಡಿಯದ ಹರವಿಗಾಗಿಯೇ.

ಮುಖದ ಚಿತ್ರಕ್ಕೆ, ಸೊಂಟದವರೆಗಿನ ಚಿತ್ರಕ್ಕೆ ಈ ಅಗಲ ಧಾರಾಳವಾಯಿತು. ಇಡೀ ಆಳು ಕಾಣುವಂತೆ, ಅದರಲ್ಲೂ ಚಿತ್ರವನ್ನು ಅಡ್ಡವಾಗಿ ತೆಗೆಯಬೇಕಾದಾಗ ಕಾಗದ ಸಾಲದೆ ಬರುತ್ತದೆ. ಭರತನಾಟ್ಯದ ಕಲಾವಿದೆಯೊಬ್ಬರ ರಂಗಪ್ರವೇಶದ ಆಹ್ವಾನ ಪತ್ರಿಕೆಗೆ ಚಿತ್ರ ತೆಗೆಯುತ್ತಿದ್ದಾರೆ ಎಂದಿಟ್ಟುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ಕಾಗದದ ಮೇಲೆ ನೆರಳು ಬೀಳದಿರಲೆಂದು ಕಲಾವಿದೆಯನ್ನು ಕಾಗದದಿಂದ ಎರಡು ಮೀಟರ್ ಮುಂದೆ ನಿಲ್ಲಿಸಲಾಗಿದೆ. ಕ್ಯಾಮೆರಾ ಅವರಿಂದ ನಾಲ್ಕು ಮೀಟರ್ ದೂರದಲ್ಲಿದೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ, ಲೆನ್ಸ್ 50 ಮಿಲಿಮೀಟರಿನದು. ಆರು ಮೀಟರ್ ದೂರದ ಕಾಗದದ ಬಳಿ ಈ ಲೆನ್ಸ್ ಕಾಣುವ ಅಗಲ ಸುಮಾರು 4.3 ಮೀಟರ್. ಇರುವ ಕಾಗದ 2.72 ಮೀಟರ್. ಚಿತ್ರದ ಅಗಲದಲ್ಲಿ ನೂರಕ್ಕೆ ಅರವತ್ತಮೂರು ಪಾಲು ಕಾಗದ, ಉಳಿದದ್ದು ಎರಡೂ ಪಕ್ಕದ ಖಾಲಿ ಗೋಡೆ, ಸ್ಟ್ಯಾಂಡಿನ ಕಂಬ, ಮೂಲೆಯಲ್ಲಿ ನಿಂತ ಕುರ್ಚಿ.

ಉದ್ದದ ಲೆನ್ಸ್ ಹಾಕಿ ಹಿಂದಕ್ಕೆ ಸರಿದರೆ ಸ್ಥಿತಿ ಸ್ವಲ್ಪ ಸುಧಾರಿಸುತ್ತದೆ. 85 ಮಿಲಿಮೀಟರ್ ಲೆನ್ಸಿನಲ್ಲಿ ಕಲಾವಿದೆ ಮೊದಲಿನಷ್ಟೇ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾ ಅವರಿಂದ 6.8 ಮೀಟರ್ ದೂರ ಹೋಗಬೇಕು. ಆಗ ಕಾಗದ ಚಿತ್ರದ ನೂರಕ್ಕೆ ಎಪ್ಪತ್ತಮೂರು ಪಾಲನ್ನು ತುಂಬುತ್ತದೆ. ಆದರೆ ಕ್ಯಾಮೆರಾದಿಂದ ಕಾಗದಕ್ಕೇ ಹೆಚ್ಚುಕಡಿಮೆ ಒಂಬತ್ತು ಮೀಟರ್ ಬೇಕಾಗುತ್ತದೆ, ಮನೆಯ ಮಹಡಿಯಲ್ಲೋ ಅಂಗಡಿ ಮಳಿಗೆಯಲ್ಲೋ ನಡೆಯುವ ಸ್ಟುಡಿಯೋದಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ. ಸಿಕ್ಕರೂ ಅಂಚು ಚಿತ್ರದೊಳಗೇ ಉಳಿಯುತ್ತದೆ. 3.55 ಮೀಟರ್ ಅಗಲದ ಸುರುಳಿಯೂ ಉಂಟು. ಅದನ್ನು ಸಾಗಿಸುವುದು, ಮೆಟ್ಟಿಲು ಹತ್ತಿಸುವುದು, ಕುಗ್ಗದಂತೆ ಕಟ್ಟುವುದು ಎಲ್ಲವೂ ಕಷ್ಟ. ಹಾಗಾಗಿ ಉಳಿದ ಗೋಡೆಯನ್ನು ಕಂಪ್ಯೂಟರಿನಲ್ಲಿ ಬೆಳೆಸುವುದು ಸ್ಟುಡಿಯೋಗಳ ದಿನನಿತ್ಯದ ಕೆಲಸವೇ ಆಗಿದೆ.

ಈ ಕೆಲಸ ನೋಡಲು ಸುಲಭ. ಬೂದು ಕಾಗದದ ಪಕ್ಕದಲ್ಲಿ ಅದೇ ಬೂದು ಬಣ್ಣ ಬಳಿದರೆ ಮುಗಿಯಿತಲ್ಲ ಎನಿಸುತ್ತದೆ. ಹಾಗೆ ಬಳಿದ ಮರುಕ್ಷಣವೇ ತೇಪೆ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಚಿತ್ರದಲ್ಲಿ ಕಾಗದ ಎಲ್ಲೂ ಒಂದೇ ಬಣ್ಣವಾಗಿರುವುದಿಲ್ಲ. ದೀಪ ಎಡಗಡೆಯಿದ್ದರೆ ಎಡ ಅಂಚು ಬೆಳ್ಳಗೆ, ಬಲ ಅಂಚು ಮಂಕು. ನಡುವೆ ಬೆಳಕು ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ದೀಪದ ಹತ್ತಿರ ಬೇಗ ಇಳಿದು, ದೂರ ಹೋದಂತೆ ಇಳಿಯುವ ವೇಗವೂ ಕಡಿಮೆಯಾಗುತ್ತದೆ. ಹೊಸದಾಗಿ ಮಾಡುವ ಗೋಡೆಗೆ ಕಾಗದದ ಬಣ್ಣ ಬಂದರೆ ಸಾಲದು, ಈ ಇಳಿತವೂ ಅಲ್ಲಿ ತಡೆಯಿಲ್ಲದೆ ಮುಂದುವರಿಯಬೇಕು.

ಇಳಿತ ಎಷ್ಟಿದೆ ಎಂಬುದನ್ನು ಕಣ್ಣಿನಿಂದ ಅಂದಾಜು ಮಾಡುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಫೋಟೋಶಾಪಿನ Info ಫಲಕ ಕರ್ಸರ್ ಇಟ್ಟ ಜಾಗದ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಸೊನ್ನೆಯಿಂದ 255ರ ಒಳಗೆ ತೋರಿಸುತ್ತದೆ. ಒಂದೊಂದೇ ಪಿಕ್ಸೆಲ್ ಅಳೆದರೆ ನಾಯ್ಸ್ ಕಾರಣದಿಂದ ಅಂಕಿ ಕುಣಿಯುತ್ತದೆ, ಆದ್ದರಿಂದ Eyedropper ಸಾಧನದ Sample Size ಅನ್ನು 31 by 31 Average ಎಂದು ಇಟ್ಟುಕೊಳ್ಳಬೇಕು. ನಮ್ಮ ಉದಾಹರಣೆಯ ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಕಾಗದದ ಎಡ ಅಂಚು 1111ನೇ ಪಿಕ್ಸೆಲಿನಲ್ಲಿ, ಬಲ ಅಂಚು 4889ರಲ್ಲಿ. ತಲೆಯ ಮಟ್ಟದಲ್ಲಿ ಅಳೆದಾಗ ಎಡ ಅಂಚಿನ ಬಳಿ 168, ನಡುವೆ 148, ಬಲ ಅಂಚಿನ ಬಳಿ 134 ಸಿಕ್ಕಿತು ಎಂದುಕೊಳ್ಳೋಣ. ಮೊದಲ ಅರ್ಧದಲ್ಲಿ 20 ಅಂಕಿ ಇಳಿದರೆ ಎರಡನೆಯ ಅರ್ಧದಲ್ಲಿ 14 ಮಾತ್ರ. ಬಲಗಡೆ ಹೊಸ ಗೋಡೆಯಲ್ಲಿ ಇಳಿತ ಇನ್ನೂ ನಿಧಾನವಾಗಿರಬೇಕು ಎಂಬ ಸೂಚನೆ ಈ ಮೂರು ಅಂಕಿಗಳಲ್ಲೇ ಇದೆ.

ಮೂರು ಬಣ್ಣಗಳ ಅಂಕಿಯನ್ನೂ ಬೇರೆಬೇರೆಯಾಗಿ ನೋಡಬೇಕಾದ ಕಾರಣ ಇನ್ನೊಂದಿದೆ. ಸ್ಟುಡಿಯೋದ ಗೋಡೆಗೆ ಕೆನೆ ಬಣ್ಣವೋ ತಿಳಿ ಹಸಿರೋ ಇದ್ದರೆ ಅದರಿಂದ ಪುಟಿದ ಬೆಳಕು ಕಾಗದದ ಅಂಚಿಗೆ ತಾಗಿ, ಬೂದು ಬಣ್ಣಕ್ಕೆ ಸಣ್ಣ ಛಾಯೆ ಕೊಟ್ಟಿರುತ್ತದೆ. ಕಾಗದದ ಅಂಚು ಸುರುಟಿಕೊಂಡು ಹೊಳೆಯುವುದೂ ಉಂಟು. ಅಂಚಿಗೆ ಅಂಟಿದ 50–60 ಪಿಕ್ಸೆಲ್ ಅಗಲದ ಭಾಗವನ್ನು ನಂಬದೆ ಕೈಬಿಡುವುದೇ ಕ್ಷೇಮ. ಬಲಗಡೆ ಹಾಗೆ ಬಿಟ್ಟಾಗ ಭರವಸೆಯ ಕಾಗದ 4829ರಲ್ಲಿ ಮುಗಿಯುತ್ತದೆ.

ಈಗ ಗೋಡೆ ಬೆಳೆಸುವ ಕೆಲಸ. ಫೈಲು 16 ಬಿಟ್‌ನಲ್ಲಿರಬೇಕು. ಅದರ ಕಾರಣ ಮುಂದೆ ಬರುತ್ತದೆ. ಮೂಲ ಚಿತ್ರದ ಲೇಯರನ್ನು ಮುಟ್ಟದೆ, ಅದರ ಮೇಲೆಯೇ ಎಲ್ಲವನ್ನೂ ಕಟ್ಟಬೇಕು. ಆಯತಾಕಾರದ ಸೆಲೆಕ್ಷನ್‌ನಿಂದ 4429ರಿಂದ 4829ರವರೆಗೆ, ಮೇಲಿನಿಂದ ಕೆಳಗಿನವರೆಗೆ 400 ಪಿಕ್ಸೆಲ್ ಅಗಲದ ಪಟ್ಟಿಯೊಂದನ್ನು ಆರಿಸಿ Ctrl+J ಒತ್ತಿದರೆ ಆ ಪಟ್ಟಿ ಪ್ರತ್ಯೇಕ ಲೇಯರ್ ಆಗುತ್ತದೆ. ನಂತರ Ctrl+T ಒತ್ತಿ, ಬಲಗಡೆಯ ಹಿಡಿಯನ್ನು ಮಾತ್ರ ಹಿಡಿದು ಚಿತ್ರದ ಅಂಚನ್ನೂ ದಾಟಿಸಿ 6030ರವರೆಗೆ ಎಳೆಯಬೇಕು. ಈಚಿನ ಆವೃತ್ತಿಗಳಲ್ಲಿ ಎತ್ತರವೂ ಜೊತೆಗೆ ಬೆಳೆಯದಿರಲು Shift ಕೀಲಿ ಒತ್ತಿ ಹಿಡಿಯಬೇಕಾಗುತ್ತದೆ. 400 ಪಿಕ್ಸೆಲಿನ ಪಟ್ಟಿ 1600 ಪಿಕ್ಸೆಲ್ ಆಯಿತು, ನಾಲ್ಕು ಪಟ್ಟು.

ಬಣ್ಣ ಬಳಿಯುವುದಕ್ಕಿಂತ ಪಟ್ಟಿ ಎಳೆಯುವುದು ಮೇಲಾಗುವುದು ಎರಡು ಕಾರಣಗಳಿಂದ. ಎಡ ಅಂಚು ಕದಲದೆ ನಿಂತಿರುವುದರಿಂದ ಹೊಸದು ಹಳೆಯದು ಸೇರುವ ಜಾಗದಲ್ಲಿ ಬಣ್ಣ ತಾನಾಗಿಯೇ ಕೂಡುತ್ತದೆ. ಪಟ್ಟಿ ಪೂರ್ತಿ ಎತ್ತರದ್ದಾದ್ದರಿಂದ ಗೋಡೆ ನೆಲವಾಗಿ ಬಾಗುವ ಮಟ್ಟವೂ ಅದರ ಮೃದು ನೆರಳೂ ಅದೇ ಎತ್ತರದಲ್ಲಿ ಮುಂದುವರಿಯುತ್ತವೆ. ಬ್ರಷ್ ಹಿಡಿದು ಇದನ್ನು ಸಾಧಿಸಲು ಗಂಟೆಗಟ್ಟಲೆ ಬೇಕು.

ಆದರೆ ಎಳೆದ ಪಟ್ಟಿ ಎರಡು ದೋಷಗಳನ್ನೂ ಹೊತ್ತು ತರುತ್ತದೆ. ಮೊದಲನೆಯದು ಇಳಿತದ ದೋಷ. ಆ 400 ಪಿಕ್ಸೆಲಿನಲ್ಲಿ ಬೆಳಕು 136ರಿಂದ 134ಕ್ಕೆ ಇಳಿದಿತ್ತು ಅಂದುಕೊಳ್ಳಿ. ಎಳೆದ ಮೇಲೆ ಅದೇ ಎರಡು ಅಂಕಿ 1600 ಪಿಕ್ಸೆಲಿಗೆ ಹಂಚಿಹೋಗುತ್ತದೆ. ಕಾಗದದ ಉದ್ದಕ್ಕೂ ಇಳಿಯುತ್ತಾ ಬಂದ ಬೆಳಕು 4429ರ ಬಳಿ ಹಠಾತ್ತಾಗಿ ಸಮತಟ್ಟಾಗುತ್ತದೆ. ಅಲ್ಲಿ ಬಣ್ಣದಲ್ಲಿ ಅಂತರವೇನೂ ಇಲ್ಲ, ಅಂಕಿ ಅಳೆದರೆ ತಪ್ಪು ಸಿಗುವುದಿಲ್ಲ. ಆದರೂ ಕಣ್ಣು ಅಲ್ಲೊಂದು ಲಂಬ ಗೆರೆಯನ್ನು ಕಾಣುತ್ತದೆ. ಬೆಳಕಿನ ಏರಿಳಿತದ ವೇಗ ತಟ್ಟನೆ ಬದಲಾದ ಜಾಗದಲ್ಲಿ ಇಲ್ಲದ ಪಟ್ಟೆಯನ್ನು ಕಾಣುವುದು ಕಣ್ಣಿನ ಸ್ವಭಾವ. ಇದನ್ನು 1865ರಲ್ಲಿ ವಿವರಿಸಿದ ಭೌತವಿಜ್ಞಾನಿ ಅರ್ನ್ಸ್ಟ್ ಮ್ಯಾಕ್ ಅವರ ಹೆಸರಿನಿಂದ ಇವನ್ನು ಮ್ಯಾಕ್ ಪಟ್ಟೆಗಳು ಎನ್ನುತ್ತಾರೆ. ತೇಪೆ ಹಾಕಿದ ಎಷ್ಟೋ ಹಿನ್ನೆಲೆಗಳಲ್ಲಿ ಎಲ್ಲಿ ಏನು ತಪ್ಪಾಗಿದೆ ಎಂದು ಹೇಳಲಾಗದಿದ್ದರೂ ಏನೋ ಸರಿಯಿಲ್ಲ ಅನಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಕಾಗದದ ಒಂದು ಭಾಗವನ್ನು ಕನ್ನಡಿಯಂತೆ ತಿರುಗಿಸಿ ಪಕ್ಕಕ್ಕೆ ಇಡುವ ಉಪಾಯ ಇನ್ನೂ ಕೆಟ್ಟದ್ದು. ಅಲ್ಲಿ ಇಳಿಯುತ್ತಿದ್ದ ಬೆಳಕು ಸಂಧಿಯಿಂದಾಚೆ ಮತ್ತೆ ಏರತೊಡಗುತ್ತದೆ, ಸಂಧಿಯಲ್ಲಿ ಕಪ್ಪು ಕಣಿವೆ ಮೂಡುತ್ತದೆ.

ಪರಿಹಾರ ಹೀಗೆ. 400 ಪಿಕ್ಸೆಲಿಗೆ ಎರಡು ಅಂಕಿಯಂತೆ ಇಳಿದರೆ 1600 ಪಿಕ್ಸೆಲಿಗೆ ಎಂಟು ಇಳಿಯಬೇಕಿತ್ತು. ದೂರ ಹೋದಂತೆ ಇಳಿತ ನಿಧಾನವಾಗುವುದರಿಂದ ಏಳು ಸಾಕು. ಅಂದರೆ ಚಿತ್ರದ ಬಲತುದಿಯಲ್ಲಿ ಗೋಡೆ 129ರ ಆಸುಪಾಸಿನಲ್ಲಿರಬೇಕು, ಈಗ ಇರುವುದು 134. ಪಟ್ಟಿಯ ಮೇಲೆ ಒಂದು Curves ಲೇಯರ್ ಇಟ್ಟು, ಅದನ್ನು ಕೆಳಗಿನ ಪಟ್ಟಿಗಷ್ಟೇ ತಾಗುವಂತೆ ಕ್ಲಿಪ್ ಮಾಡಿ, 134 ಇರುವುದನ್ನು 129ಕ್ಕೆ ಇಳಿಸಬೇಕು. ನಂತರ ಆ Curves ಲೇಯರಿನ ಮಾಸ್ಕ್ ಮೇಲೆ 4429ರಲ್ಲಿ ಕಪ್ಪು, 6000ದಲ್ಲಿ ಬಿಳಿ ಇರುವಂತೆ ಗ್ರೇಡಿಯಂಟ್ ಎಳೆಯಬೇಕು. ಒಳ ಅಂಚಿನಲ್ಲಿ ತಿದ್ದುಪಡಿ ಸೊನ್ನೆ, ಹೊರ ಅಂಚಿನಲ್ಲಿ ಪೂರ್ತಿ. ಇಳಿತ ಮೊದಲಿನ ವೇಗಕ್ಕೆ ಮರಳಿದ ಕೂಡಲೇ ಆ ಲಂಬ ಗೆರೆ ಮಾಯವಾಗುತ್ತದೆ. ಎಡಗಡೆ ದೀಪ ಚಿತ್ರದ ಹೊರಗಿದೆ, ಬೆಳಕು ಅತ್ತ ಏರುತ್ತಲೇ ಹೋಗಬೇಕು. ಅಲ್ಲಿ ಇದೇ ಕ್ರಮದಲ್ಲಿ 168ರಿಂದ 180ರ ಆಚೀಚೆಗೆ ಏರಿಸಬೇಕಾಗುತ್ತದೆ.

ಎರಡನೆಯ ದೋಷ ನಾಯ್ಸಿನದು. ಕ್ಯಾಮೆರಾ ತೆಗೆದ ಯಾವ ಚಿತ್ರವೂ ನೂರಕ್ಕೆ ನೂರು ನುಣುಪಾಗಿರುವುದಿಲ್ಲ, ಹತ್ತಿರದಿಂದ ನೋಡಿದರೆ ಮರಳು ಉದುರಿಸಿದಂತೆ ಸಣ್ಣ ಕಾಳುಗಳು ಇರುತ್ತವೆ. ಪಟ್ಟಿಯನ್ನು ನಾಲ್ಕು ಪಟ್ಟು ಎಳೆದಾಗ ಈ ಕಾಳುಗಳೂ ಅಡ್ಡಕ್ಕೆ ಉದ್ದವಾಗಿ, ಗೀರುಗಳಾಗುತ್ತವೆ. ಅದಕ್ಕೆ ಮದ್ದೆಂದರೆ ಎಳೆದ ಪಟ್ಟಿಗೆ 30 ಪಿಕ್ಸೆಲಿನಷ್ಟು Gaussian Blur ಕೊಟ್ಟು ಗೀರುಗಳನ್ನೆಲ್ಲ ಅಳಿಸಿ, ಆಮೇಲೆ ಹೊಸ ನಾಯ್ಸ್ ಹಾಕುವುದು. ಮಸುಕು ಮಾಡಿದಾಗ ಪಟ್ಟಿಯ ಅಂಚುಗಳು ಅರೆಪಾರದರ್ಶಕವಾಗುತ್ತವೆ, ಕೆಳಗಿನ ಗೋಡೆ ಇಣುಕುತ್ತದೆ. ಪಟ್ಟಿಯನ್ನು ಚಿತ್ರದ ಅಂಚಿನಾಚೆಗೂ ಎಳೆಯಬೇಕೆಂದದ್ದು ಇದಕ್ಕಾಗಿಯೇ. 30 ಪಿಕ್ಸೆಲ್ ಸಾಲದೆಂದು ಕಂಡರೆ ಇನ್ನಷ್ಟು ಎಳೆದರೂ ಆದೀತು. ಮೇಲೆ ಕೆಳಗೂ ಸ್ವಲ್ಪ ಆಚೆ ಚಾಚಿರಬೇಕು. ಒಳ ಅಂಚು ನಿಜವಾದ ಕಾಗದದ ಮೇಲೆಯೇ ಇರುವುದರಿಂದ ಅಲ್ಲಿ ಅಂಚು ಕರಗಿದರೆ ಅನುಕೂಲವೇ.

ಹೊಸ ನಾಯ್ಸನ್ನು ಪ್ರತ್ಯೇಕ ಲೇಯರಿನಲ್ಲಿ ಇಡುವುದು ವಾಸಿ. ಶೇಕಡ 50 ಬೂದು ಬಣ್ಣ ತುಂಬಿದ ಲೇಯರನ್ನು Overlay ವಿಧಾನದಲ್ಲಿಟ್ಟರೆ ಅದು ಕಾಣುವುದಿಲ್ಲ. ಅದಕ್ಕೆ Add Noise ಕೊಟ್ಟಾಗ ಕಾಳುಗಳು ಮಾತ್ರ ಕಾಣುತ್ತವೆ. Gaussian, Monochromatic ಎರಡನ್ನೂ ಆರಿಸಿ, ಶೇಕಡ 2 ಅಥವಾ 3ರಿಂದ ಶುರುಮಾಡಿ, ಚಿತ್ರವನ್ನು ಶೇಕಡ 100ರ ಗಾತ್ರದಲ್ಲಿ ತೆರೆದು ಪಕ್ಕದ ನಿಜವಾದ ಕಾಗದದೊಂದಿಗೆ ಹೋಲಿಸಬೇಕು. ಕ್ಯಾಮೆರಾದ ಕಾಳುಗಳಿಗಿಂತ ಈ ಕಾಳುಗಳು ಚೂಪಾಗಿ ಕಂಡರೆ ಅವಕ್ಕೆ ಅರ್ಧ ಪಿಕ್ಸೆಲಿನಷ್ಟು ಮಸುಕು ಸಾಕು.

ಈ ಕಾಳುಗಳಿಗೆ ಇನ್ನೊಂದು ಕೆಲಸವೂ ಇದೆ. 8 ಬಿಟ್ ಚಿತ್ರದಲ್ಲಿ 134ಕ್ಕೂ 133ಕ್ಕೂ ನಡುವೆ ಬೇರೆ ಅಂಕಿಯಿಲ್ಲ. 1600 ಪಿಕ್ಸೆಲ್ ಅಗಲದಲ್ಲಿ ಏಳೇ ಅಂಕಿ ಇಳಿಯುವಾಗ ಒಂದೊಂದು ಅಂಕಿಗೂ ಇನ್ನೂರಕ್ಕಿಂತ ಹೆಚ್ಚು ಪಿಕ್ಸೆಲ್ ಅಗಲದ ಪಟ್ಟೆ ಸಿಗುತ್ತದೆ, ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 16 ಬಿಟ್‌ನಲ್ಲಿ ಕೆಲಸ ಮಾಡಿದಾಗ ನಡುವಿನ ಅಂಕಿಗಳು ಉಳಿಯುತ್ತವೆ. ಕೊನೆಗೆ ಜೆಪೆಗ್ ಮಾಡುವಾಗ ಹೇಗೂ 8 ಬಿಟ್‌ಗೆ ಇಳಿಯಲೇಬೇಕು. ಆಗ ಮೆಟ್ಟಿಲಿನ ಅಂಚುಗಳನ್ನು ಚದುರಿಸಿ ಮರೆಮಾಡುವುದು ಈ ಕಾಳುಗಳೇ. ನುಣ್ಣಗಿರಲಿ ಎಂದು ನಾಯ್ಸ್ ಹಾಕದೆ ಬಿಟ್ಟ ಗೋಡೆಯೇ ಕೊನೆಯಲ್ಲಿ ಪಟ್ಟೆಪಟ್ಟೆಯಾಗಿ ಕೆಡುತ್ತದೆ.

ಇಲ್ಲಿಯವರೆಗೆ ಕಲಾವಿದೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅವರು ಕಾಗದದ ನಡುವಿನಿಂದ ಕಾಲು ಮೀಟರ್ ಬಲಕ್ಕೆ ನಿಂತು ಎರಡೂ ಕೈ ಚಾಚಿದ್ದಾರೆ, ಬಲಗಡೆಯ ಕೈಯಲ್ಲಿ ಅಲಪದ್ಮ ಹಸ್ತ. ಬೆರಳ ತುದಿಗಳು 5190ರ ಹತ್ತಿರ ಬಂದಿವೆ, ಅಂದರೆ ಕಾಗದ ಮುಗಿದು 300 ಪಿಕ್ಸೆಲ್ ಆಚೆ. ಹಸ್ತದ ಹಿಂದೆ ಇರುವುದು ಸ್ಟುಡಿಯೋದ ಕೆನೆ ಬಣ್ಣದ ಗೋಡೆ. ನಾವು ಎಳೆಯಲು ಆರಿಸಿದ ಪಟ್ಟಿಯ ಮೇಲೂ ಮುಂದೋಳು ಹಾದುಹೋಗಿದೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ ಇದೇ.

ಪಟ್ಟಿಯೊಳಗಿನ ತೋಳು ಸಣ್ಣ ತೊಂದರೆ. ಪಟ್ಟಿಯನ್ನು ಪ್ರತ್ಯೇಕ ಲೇಯರ್ ಮಾಡಿದ ಮೇಲೆ, ಎಳೆಯುವ ಮೊದಲು, ತೋಳಿರುವ ಭಾಗವನ್ನು ಸುತ್ತ ಸ್ವಲ್ಪ ಅಂಚು ಸೇರಿಸಿ ಆರಿಸಿಕೊಂಡು Content-Aware Fill ಕೊಡಬಹುದು ಅಥವಾ ಮೇಲಿನ ಕಾಗದವನ್ನು ಕ್ಲೋನ್ ಮಾಡಿ ಮುಚ್ಚಬಹುದು. ಆ ಭಾಗ ಮುಂದೆ ಮಸುಕಾಗಲಿರುವುದರಿಂದ ತುಂಬಾ ನಾಜೂಕು ಬೇಕಿಲ್ಲ. ತೋಳಿನ ಬಣ್ಣ ಒಂದಿಷ್ಟೂ ಉಳಿಯಬಾರದು ಅಷ್ಟೆ. ಉಳಿದರೆ ಎಳೆದಾಗ ಅದು ಗೋಡೆಯುದ್ದಕ್ಕೂ ಕಂದು ಕಲೆಯಾಗಿ ಹರಡುತ್ತದೆ.

ಎಳೆದ ಪಟ್ಟಿ, Curves, ನಾಯ್ಸ್ ಮೂರನ್ನೂ ಒಂದು ಗುಂಪಿಗೆ ಸೇರಿಸಿ, ಆ ಗುಂಪಿಗೆ ಮಾಸ್ಕ್ ಹಾಕಿ, ಮಾಸ್ಕಿನಲ್ಲಿ ಕೈಯಿರುವ ಜಾಗಕ್ಕೆ ಕಪ್ಪು ತುಂಬಿದರೆ ಕೆಳಗಿನ ನಿಜವಾದ ಕೈ ಹೊರಗೆ ಕಾಣುತ್ತದೆ. ಹಸ್ತದ ಆಕಾರವನ್ನು ಪೆನ್ ಸಾಧನದಿಂದಲೇ ಬಿಡಿಸಬೇಕು. ತಾನಾಗಿ ಆರಿಸುವ ಸಾಧನಗಳು ಕೆನೆ ಗೋಡೆಗೂ ಬೆಳಕು ಬಿದ್ದ ಚರ್ಮಕ್ಕೂ ಭೇದ ತಿಳಿಯದೆ ಬೆರಳ ಅಂಚನ್ನು ಕಚ್ಚಿಬಿಡುತ್ತವೆ. ಅಲಪದ್ಮದಲ್ಲಿ ಐದು ಬೆರಳೂ ಬಿಡಿಬಿಡಿಯಾಗಿ ಅರಳಿರುತ್ತವೆ, ಒಂದೊಂದರ ನಡುವಿನ ಸಂದಿಯೂ ಬೇರೆ ಆಕಾರ. ಬೆರಳ ತುದಿಯ ಕೆಂಪು ಅಲ್ತಾದ ಅಂಚು ಚೂಪಾಗಿರುತ್ತದೆ, ಗಮನವಿಲ್ಲದವರೂ ಅಲ್ಲಿ ಆದ ಹೆಚ್ಚುಕಡಿಮೆಯನ್ನು ಗುರುತಿಸುತ್ತಾರೆ. ಬಹಳ ಸಲ ಮರೆತುಹೋಗುವುದು ಬಳೆಗಳು. ಬಳೆಗೂ ಮಣಿಕಟ್ಟಿಗೂ ನಡುವೆ ಸಣ್ಣ ಕಿಂಡಿಯಿದ್ದು ಅದರಲ್ಲಿ ಹಿಂದಿನ ಗೋಡೆ ಕಾಣುತ್ತಿರುತ್ತದೆ. ಹೊರಗಿನ ಗೋಡೆಯೆಲ್ಲ ಬೂದಾಗಿ ಆ ಕಿಂಡಿಯಲ್ಲಿ ಮಾತ್ರ ಕೆನೆ ಬಣ್ಣ ಉಳಿದರೆ ಮಾಡಿದ ಕೆಲಸವೆಲ್ಲ ಬಯಲಾಗುತ್ತದೆ. ಒಂದೊಂದು ಕಿಂಡಿಯನ್ನೂ ಹುಡುಕಿ ಮಾಸ್ಕಿನಲ್ಲಿ ಬಿಳಿ ಮಾಡಲೇಬೇಕು.

ಬಿಡಿಸಿದ ರೇಖೆಯನ್ನು ಸೆಲೆಕ್ಷನ್ ಮಾಡುವಾಗ ಅರ್ಧದಿಂದ ಒಂದು ಪಿಕ್ಸೆಲ್‌ವರೆಗಿನ ಫೆದರ್ ಸಾಕು. ಇಷ್ಟಾದರೂ ಬೆರಳುಗಳ ಸುತ್ತ ತೆಳುವಾದ ಬೆಳ್ಳನೆ ಗೆರೆ ಉಳಿಯಬಹುದು. ಗೋಡೆ ಕಾಗದಕ್ಕಿಂತ ಬೆಳ್ಳಗಿದ್ದುದರಿಂದ ಅಂಚಿನ ಪಿಕ್ಸೆಲುಗಳಲ್ಲಿ ಚರ್ಮದ ಬಣ್ಣದ ಜೊತೆ ಗೋಡೆಯ ಬಣ್ಣವೂ ಬೆರೆತಿರುತ್ತದೆ. ಮಾಸ್ಕನ್ನು ಒಂದು ಪಿಕ್ಸೆಲ್ ಒಳಕ್ಕೆ ಸರಿಸಿದರೆ ಹೆಚ್ಚಿನದು ಹೋಗುತ್ತದೆ. ಉಳಿದುದಕ್ಕೆ ಕ್ಲೋನ್ ಸ್ಟ್ಯಾಂಪನ್ನು Darken ವಿಧಾನದಲ್ಲಿಟ್ಟು ಬೆರಳ ಒಳಗಿನ ಚರ್ಮದಿಂದ ಬಣ್ಣ ತೆಗೆದು ಅಂಚಿಗೆ ಸವರಬೇಕು. ಬೆಳ್ಳಗಿರುವುದಷ್ಟೇ ಮುಚ್ಚಿಹೋಗುತ್ತದೆ, ಕಪ್ಪಗಿರುವುದಕ್ಕೆ ಧಕ್ಕೆಯಾಗುವುದಿಲ್ಲ. ಹಿಂದಿನ ಗೋಡೆ ಕಾಗದಕ್ಕಿಂತ ಕಪ್ಪಗಿದ್ದರೆ ಇದೇ ಕೆಲಸಕ್ಕೆ Lighten. ಹೀಲಿಂಗ್ ಬ್ರಷನ್ನು ಮಾತ್ರ ಅಂಚಿನ ಹತ್ತಿರ ತರಬಾರದು. ಅದು ಸುತ್ತಲಿನ ಬಣ್ಣವನ್ನು ಒಳಕ್ಕೆ ಎಳೆದುಕೊಳ್ಳುವ ಸಾಧನ, ಬೆರಳಿನ ಬಣ್ಣ ಗೋಡೆಗೆ ಕದಡಿಬಿಡುತ್ತದೆ.

ನೆಲದ ಭಾಗಕ್ಕೆ ಬೇರೆಯದೇ ಲೆಕ್ಕ. ಕಾಗದ ಕ್ಯಾಮೆರಾದ ಕಡೆಗೆ ಬರುತ್ತಿದ್ದಂತೆ ಚಿತ್ರದಲ್ಲಿ ಅಗಲವಾಗುತ್ತದೆ. ಹಿಂದೆ ಚಿತ್ರದ ನೂರಕ್ಕೆ ಅರವತ್ತಮೂರು ಪಾಲು ತುಂಬಿದ ಅದೇ ಕಾಗದ ಕಲಾವಿದೆಯ ಪಾದದ ಮಟ್ಟದಲ್ಲಿ ತೊಂಬತ್ತನಾಲ್ಕು ಪಾಲು ತುಂಬಿರುತ್ತದೆ. ಬಲಗಡೆ ಗೋಡೆಯ ಮಟ್ಟದಲ್ಲಿ 1111 ಪಿಕ್ಸೆಲ್ ಕೊರತೆಯಿದ್ದರೆ ಪಾದದ ಬಳಿ ಇರುವುದು ಸುಮಾರು 170 ಪಿಕ್ಸೆಲ್. ಕಾಗದದ ಅಂಚು ನೆಲದ ಮೇಲೆ ಓರೆಯಾಗಿ ಹೊರಕ್ಕೆ ಓಡುತ್ತದೆ. ಹಾಗಾಗಿ ಎಳೆದ ಪಟ್ಟಿಯನ್ನು ನೆಲದ ಮೇಲೆ ಹಾಗೆಯೇ ಹೊದಿಸಿಬಿಡುವುದು ತಪ್ಪು. ಅಲ್ಲಿ ನಿಜವಾದ ಕಾಗದ ಇದೆ, ಅದರ ಮೇಲೆ ಕಲಾವಿದೆಯ ನಿಜವಾದ ನೆರಳು ಬಿದ್ದಿದೆ. ಮಾಸ್ಕಿನಲ್ಲಿ ಮೃದುವಾದ ಬ್ರಷ್‌ನಿಂದ ಆ ಓರೆ ಅಂಚಿನ ಒಳಗಿನದನ್ನೆಲ್ಲ ಉಳಿಸಿಕೊಂಡು, ಹೊರಗಿನದನ್ನಷ್ಟೇ ಮುಚ್ಚಬೇಕು.

ದೀಪ ಎಡಗಡೆಯಿದ್ದರೆ ನೆರಳು ಬಲಕ್ಕೆ ಚಾಚುತ್ತದೆ, ಪಟ್ಟಿ ತೆಗೆದ ಜಾಗದ ತಳದಲ್ಲಿ ಅದರ ತುಣುಕು ಸೇರಿರುವ ಸಾಧ್ಯತೆ ಹೆಚ್ಚು. ಎಳೆದಾಗ ಆ ತುಣುಕು ಬಲ ಮೂಲೆಯಲ್ಲಿ ಕೊಳಕು ಕಲೆಯಂತೆ ಕಾಣುತ್ತದೆ. ಅದಕ್ಕೇ ತಳಭಾಗಕ್ಕೆ ಬೇರೆ ಪಟ್ಟಿ ತೆಗೆಯುವುದು ಉತ್ತಮ. 5600ರಿಂದ 5780ರವರೆಗಿನ ನೆರಳಿಲ್ಲದ ಕಾಗದ ಸಾಕು. ಮುಚ್ಚಬೇಕಾದ ಅಗಲವೂ ಅಲ್ಲಿ ಕಡಿಮೆಯೇ. ನೆಲದ ಕಾಗದದ ಮೇಲೆ ಗೆಜ್ಜೆ ಕಟ್ಟಿದ ಪಾದಗಳ ಗುರುತು, ಧೂಳು, ಸಣ್ಣ ಸುಕ್ಕು ಇರುತ್ತವೆ. ಹೊಸ ಭಾಗ ಅದಕ್ಕಿಂತ ಅತಿ ಶುಭ್ರವಾಗಿ ಕಂಡರೆ ಒಂದೆರಡು ಗುರುತನ್ನು ಕ್ಲೋನ್ ಮಾಡಿ ಅಲ್ಲಿಗೂ ಹಾಕಬಹುದು. ಆದರೆ ಒಂದೇ ಗುರುತು ಎರಡು ಕಡೆ ಎದ್ದು ಕಾಣದಂತೆ ನೋಡಿಕೊಳ್ಳಬೇಕು.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಗಂಟೆಗಟ್ಟಲೆ ಅದೇ ಚಿತ್ರ ನೋಡಿ ದಣಿದ ಕಣ್ಣನ್ನು ನಂಬಲಾಗದು. ಎಲ್ಲ ಲೇಯರುಗಳ ಮೇಲೆ Levels ಲೇಯರೊಂದನ್ನು ಇಟ್ಟು, ಎಡಗಡೆಯ ಅಂಕಿಯನ್ನು 100, ಬಲಗಡೆಯದನ್ನು 190 ಮಾಡಿದರೆ ಗೋಡೆಯ ಬೆಳಕಿನ ವ್ಯತ್ಯಾಸ ಮೂರು ಪಟ್ಟಿಗೆ ಹತ್ತಿರವಾಗಿ ಹಿಗ್ಗುತ್ತದೆ. ಆಗ ಬಚ್ಚಿಟ್ಟುಕೊಂಡ ಗೆರೆ, ಕಣಿವೆ, ಛಾಯೆಯ ತೇಪೆ ಎಲ್ಲವೂ ಹೊರಬೀಳುತ್ತವೆ. ತಿದ್ದುವುದನ್ನೆಲ್ಲ ಆ ಲೇಯರ್ ಉರಿಯುತ್ತಿರುವಾಗಲೇ ತಿದ್ದಿ, ಕೊನೆಗೆ ಅದನ್ನು ತೆಗೆದುಹಾಕಬೇಕು. ಚಿತ್ರವನ್ನು ಎರಡು ಗಾತ್ರಗಳಲ್ಲಿ ನೋಡುವುದೂ ಅಗತ್ಯ. ಇಳಿತದ ತಪ್ಪು ಚಿತ್ರವನ್ನು ಅಂಗೈಯಷ್ಟು ಚಿಕ್ಕದು ಮಾಡಿದಾಗ ಚೆನ್ನಾಗಿ ಕಾಣುತ್ತದೆ. ನಾಯ್ಸ್ ಹೊಂದದಿರುವುದು, ಬೆರಳ ಅಂಚಿನ ತಪ್ಪು ಶೇಕಡ 100ರ ಗಾತ್ರದಲ್ಲಿ ಮಾತ್ರ ಕಾಣುತ್ತವೆ. ಅಡ್ಡಕ್ಕೆ ತಿರುಗಿಸಿ ನೋಡಿದಾಗ ಕಣ್ಣಿಗೆ ಅದು ಹೊಸ ಚಿತ್ರವಾಗುವುದರಿಂದ ಇನ್ನೂ ಒಂದೆರಡು ತಪ್ಪು ಸಿಗುತ್ತವೆ.

ಇದೆಲ್ಲ ಫೋಟೋಶಾಪ್ ಇದ್ದವರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲೂ ಲೇಯರ್, ಮಾಸ್ಕ್, ಕರ್ವ್ಸ್, ಗ್ರೇಡಿಯಂಟ್ ಎಲ್ಲವೂ ಇವೆ. 2018ರಲ್ಲಿ ಬಂದ 2.10ನೇ ಆವೃತ್ತಿಯಿಂದ ಅದು 8 ಬಿಟ್‌ಗಿಂತ ಹೆಚ್ಚಿನ ಆಳದಲ್ಲೂ ಕೆಲಸ ಮಾಡುತ್ತದೆ. ಹೆಸರುಗಳು ಬೇರೆಯಾದರೂ ಕ್ರಮ ಇದೇ.

ಚಿತ್ರ ತೆಗೆಯುವ ಹೊತ್ತಿನಲ್ಲೇ ಕಾಗದ ಸಾಲದು ಎಂದು ತಿಳಿದಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಕ್ಯಾಮೆರಾ ಟ್ರೈಪಾಡ್ ಮೇಲಿರಬೇಕು; ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುಯಲ್ ಮಾಡಿರಬೇಕು. ಬೇಕಾದ ಚಿತ್ರಗಳು ಆದ ಮೇಲೆ ಕಲಾವಿದೆಯನ್ನು ಪಕ್ಕಕ್ಕೆ ಕಳಿಸಿ, ದೀಪಗಳನ್ನು ಮುಟ್ಟದೆ, ಕಾಗದದ ಸ್ಟ್ಯಾಂಡುಗಳನ್ನು ಮಾತ್ರ ಬಲಕ್ಕೆ ಸರಿಸಿ ಒಂದು ಖಾಲಿ ಚಿತ್ರ, ಎಡಕ್ಕೆ ಸರಿಸಿ ಇನ್ನೊಂದು. ಗೋಡೆ ಇದ್ದ ಜಾಗದಲ್ಲಿ ಈಗ ನಿಜವಾದ ಕಾಗದ, ಅದರ ಮೇಲೆ ಅದೇ ದೀಪದ ನಿಜವಾದ ಬೆಳಕು, ಅದೇ ಕ್ಯಾಮೆರಾದ ನಾಯ್ಸ್. ಈ ಮೂರು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಮೃದುವಾದ ಮಾಸ್ಕ್‌ನಿಂದ ಸೇರಿಸಿದರೆ ಇಳಿತ ಲೆಕ್ಕ ಹಾಕುವ, ಕಾಳು ಉದುರಿಸುವ ಕೆಲಸ ಇರುವುದಿಲ್ಲ. ಕೈ ಬಿಡಿಸುವ ಕೆಲಸವೊಂದು ಉಳಿಯುತ್ತದೆ. ಸುಕ್ಕು ಬಿದ್ದ ಕಾಗದ, ಬಣ್ಣದ ಮೋಡಗಳಂತೆ ಚಿತ್ತಾರ ಬರೆದ ಕ್ಯಾನ್ವಾಸ್ ಪರದೆ ಇದ್ದಲ್ಲಿ ಬೇರೆ ದಾರಿಯೂ ಇಲ್ಲ. ಎಳೆದ ಚಿತ್ತಾರ ಎಳೆದದ್ದೆಂದು ತಕ್ಷಣ ಗೊತ್ತಾಗುತ್ತದೆ.

ಹೊಂದಿಸಲಾಗದ ಸಂದರ್ಭಗಳೂ ಇವೆ. ಗಾಳಿಗೆ ಹಾರಿದ ಬಿಡಿಕೂದಲು ಕಾಗದದ ಅಂಚನ್ನು ದಾಟಿದ್ದರೆ, ಹಿಂದಿನ ಗೋಡೆ ತೋರುವಷ್ಟು ತೆಳುವಾದ ದುಪಟ್ಟಾ ಆಚೆಗೆ ಚಾಚಿದ್ದರೆ, ಪ್ರತಿ ಎಳೆಯಲ್ಲೂ ಗೋಡೆಯ ಬಣ್ಣ ಬೆರೆತಿರುತ್ತದೆ. ಬಿಡಿಸಿದರೂ ಕತ್ತರಿಸಿ ಅಂಟಿಸಿದಂತೆಯೇ ಕಾಣುತ್ತದೆ. ಅಂಥ ಚಿತ್ರವನ್ನು ನಿಲುವಾಗಿ ಕತ್ತರಿಸಿ ಕಾಗದದ ಒಳಗೇ ಮುಗಿಸುವುದು, ಇಲ್ಲವೇ ಅಂಚು ಕಾಣುವಂತೆ ಧೈರ್ಯವಾಗಿ ಬಿಡುವುದು ಸರಿಯಾದ ತೀರ್ಮಾನ. ಪರದೆಯ ಅಂಚು, ಸ್ಟುಡಿಯೋದ ನೆಲ ಎಲ್ಲವನ್ನೂ ಚಿತ್ರದೊಳಗೇ ಉಳಿಸಿಕೊಂಡ ಎಷ್ಟೋ ಒಳ್ಳೆಯ ಭಾವಚಿತ್ರಗಳು ಅಮೆರಿಕದ ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ಅವರ ಕೆಲಸದಲ್ಲಿ ಸಿಗುತ್ತವೆ. ಅಂಚು ಕಾಣುವುದು ತಪ್ಪಲ್ಲ. ಅರೆಬರೆ ಮುಚ್ಚಿದ ಅಂಚು ಕಾಣುವುದು ತಪ್ಪು.